ಸಾಲದ ಕಂತು ಮರುಹೊಂದಿಸಿ ಎಂದು ಬ್ಯಾಂಕಿಗೆ ಬರೆದ ಪತ್ರ: ಉದ್ಯಮಬಾಗದ ಒಂದು ವರ್ಕ್‌ಶಾಪಿನ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮೂರು ಸಿಎನ್‌ಸಿ ಲೇತ್, ಲೋಹ ಕೊರೆಯುವ ಒಂದು ವಿಎಂಸಿ ಯಂತ್ರ, ಒಂಬತ್ತು ಜನ ಕೆಲಸಗಾರರು. ಹೈಡ್ರಾಲಿಕ್ ಸಿಲಿಂಡರ್‌ಗೆ ಬೇಕಾದ ಪಿಸ್ಟನ್, ಫ್ಲ್ಯಾಂಜ್, ಬುಶ್ ಮಾಡುತ್ತಾರೆ. ಇದರ ಲೆಕ್ಕಪತ್ರ ನೋಡುವವನು ನಾನು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಬ್ಯಾಂಕಿನ ಹೆಸರು, ಮಾಲು ಕೊಳ್ಳುವ ಕಂಪನಿಯ ಹೆಸರು ಯಾವುದೂ ಇಲ್ಲಿಲ್ಲ. ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

2024ರ ಜೂನ್‌ವರೆಗೆ ಎಲ್ಲ ಸರಿಯಾಗಿತ್ತು. ತಿಂಗಳಿಗೆ ಸುಮಾರು 9 ಲಕ್ಷದ ಮಾಲು ಹೋಗುತ್ತಿತ್ತು. ಅದರಲ್ಲಿ ಐದೂವರೆ ಲಕ್ಷದ್ದು ಹೊರರಾಜ್ಯದ ಒಂದೇ ಕಂಪನಿಗೆ. ಅವರು 45 ದಿನಕ್ಕೆ ಹಣ ಹಾಕುತ್ತಿದ್ದರು, ಒಂದು ವಾರ ಆಚೀಚೆ. ಜೂನ್ ಬಿಲ್‌ನಿಂದ ಹಣ ನಿಂತಿತು. ಅವರದೇ ರಫ್ತಿನ ಆರ್ಡರ್ ನಿಂತಿದೆ, ಬಂದ ತಕ್ಷಣ ಹಾಕುತ್ತೇವೆ ಎಂದರು. ಹಳೆಯ ಗಿರಾಕಿ, ಮುರಿದುಕೊಳ್ಳುವುದು ಬೇಡ ಅಂತ ಇವರು ಸೆಪ್ಟೆಂಬರ್‌ವರೆಗೂ ಮಾಲು ಕಳಿಸಿದರು. ನಾಲ್ಕು ಬಿಲ್, ಜಿಎಸ್‌ಟಿ ಸೇರಿ 26 ಲಕ್ಷ ಸಿಕ್ಕಿಹಾಕಿಕೊಂಡಿತು.

ಬ್ಯಾಂಕಿನಲ್ಲಿ ಎರಡು ಸಾಲ ಇತ್ತು. ಒಂದು, ವಿಎಂಸಿ ಕೊಳ್ಳಲು ತೆಗೆದ 30 ಲಕ್ಷದ ಟರ್ಮ್ ಲೋನ್. 60 ಕಂತು, ಬಡ್ಡಿ 10.5 ಶೇಕಡಾ, ತಿಂಗಳ ಕಂತು ಸುಮಾರು 64,500. ಸೆಪ್ಟೆಂಬರ್‌ವರೆಗೆ 24 ಕಂತು ಒಂದೂ ತಪ್ಪದೆ ಕಟ್ಟಿದ್ದರು. ಇನ್ನೊಂದು, 20 ಲಕ್ಷದ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್: ದಿನದ ವ್ಯಾಪಾರಕ್ಕೆ ಬೇಕಾದಾಗ ತೆಗೆದು, ಹಣ ಬಂದಾಗ ತುಂಬುವ ಸಾಲ. ಅಕ್ಟೋಬರ್ 5ರ ಕಂತು ತಪ್ಪಿತು. ನವೆಂಬರ್ 5ರದ್ದೂ ತಪ್ಪಿತು.

ಕಂತು ತಪ್ಪಿದ್ದು ಎಲ್ಲರ ಕಣ್ಣಿಗೆ ಬಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಸಿಸಿಯಲ್ಲಿ ಬಿದ್ದಿತ್ತು. ಮಾಲೀಕರಿಗೆ ಅದು ಗೊತ್ತೇ ಆಗಿರಲಿಲ್ಲ. ಸಿಸಿ ಲಿಮಿಟ್ 20 ಲಕ್ಷ ಇದ್ದ ಮಾತ್ರಕ್ಕೆ 20 ಲಕ್ಷ ತೆಗೆಯಬಹುದು ಅಂತಲ್ಲ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕು ಡ್ರಾಯಿಂಗ್ ಪವರ್ ಲೆಕ್ಕ ಹಾಕುತ್ತದೆ. ಇದನ್ನು ಎಲ್ಲರೂ ಡಿಪಿ ಅನ್ನುತ್ತಾರೆ. ಇರುವ ಮಾಲು, ಬರಬೇಕಾದ ಬಾಕಿ ಎರಡನ್ನೂ ಕೂಡಿಸಿ, ನಾವು ಕೊಡಬೇಕಾದ್ದನ್ನು ಕಳೆದು, ಉಳಿದದ್ದರಲ್ಲಿ 25 ಶೇಕಡಾ ಮಾರ್ಜಿನ್ ತೆಗೆಯಬೇಕು. ಈ ಸಾಲದ ಮಂಜೂರಾತಿ ಪತ್ರದಲ್ಲಿ ಇನ್ನೊಂದು ಷರತ್ತಿತ್ತು: 90 ದಿನ ದಾಟಿದ ಬಾಕಿ ಲೆಕ್ಕಕ್ಕಿಲ್ಲ.

ಜೂನ್‌ಗೆ ಮುಂಚೆ ಮಾಲು 12 ಲಕ್ಷ, ಬರಬೇಕಾದದ್ದು 19 ಲಕ್ಷ, ಕೊಡಬೇಕಾದದ್ದು 4 ಲಕ್ಷ ಇತ್ತು. ನಿವ್ವಳ 27 ಲಕ್ಷ, ಮಾರ್ಜಿನ್ ಕಳೆದರೆ 20 ಲಕ್ಷದ ಮೇಲೆ. ಪೂರ್ತಿ ಲಿಮಿಟ್ ಸಿಗುತ್ತಿತ್ತು. ನವೆಂಬರ್ ಕೊನೆಗೆ ಬರಬೇಕಾದ ಹಣ 32 ಲಕ್ಷಕ್ಕೆ ಏರಿತ್ತು. ಆದರೆ ಅದರಲ್ಲಿ ಜೂನ್, ಜುಲೈ, ಆಗಸ್ಟ್ ಬಿಲ್‌ಗಳು, ಅಂದರೆ ಹತ್ತೊಂಬತ್ತೂವರೆ ಲಕ್ಷ, 90 ದಿನ ದಾಟಿದ್ದವು. ಲೆಕ್ಕಕ್ಕೆ ಸಿಕ್ಕಿದ್ದು ಹನ್ನೆರಡೂವರೆ ಲಕ್ಷ. ಮಾಲು 9 ಲಕ್ಷಕ್ಕೆ ಇಳಿದಿತ್ತು. ಉಕ್ಕಿನ ಅಂಗಡಿಯ ಬಾಕಿ ಬೆಳೆದು ಕೊಡಬೇಕಾದದ್ದು 6 ಲಕ್ಷ ಆಗಿತ್ತು. ಡಿಪಿ ಕೇವಲ 11.6 ಲಕ್ಷ. ಸಿಸಿಯಲ್ಲಿ ಆಗಲೇ 19.7 ಲಕ್ಷ ತೆಗೆದಾಗಿತ್ತು. ಹೀಗೆ, ಗಿರಾಕಿ ಕೊಡಬೇಕಾದ ಹಣ ಜಾಸ್ತಿ ಆದಷ್ಟೂ ಬ್ಯಾಂಕಿನಿಂದ ತೆಗೆಯುವ ಅವಕಾಶ ಕಮ್ಮಿ ಆಯಿತು. ಸುಮ್ನೆ ಕೂತಿದ್ದರೂ ಖಾತೆ 8 ಲಕ್ಷ ಮೀರಿ ಹೋಗಿತ್ತು.

ಇದರ ಮೇಲೆ ಜಿಎಸ್‌ಟಿ. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಬಿಲ್ ಹಾಕಿದ ಮೇಲೆ ಮುಂದಿನ ತಿಂಗಳು 20ರೊಳಗೆ ತೆರಿಗೆ ಕಟ್ಟಬೇಕು. ಕೊಂಡ ಮಾಲಿನ ಕ್ರೆಡಿಟ್ ಕಳೆದ ಮೇಲೂ ಆ ನಾಲ್ಕು ಬಿಲ್‌ಗೆ ಕೈಯಿಂದ ಎರಡು ಲಕ್ಷದ ಹತ್ತಿರ ಹೋಗಿತ್ತು.

ನವೆಂಬರ್ ಮಧ್ಯದಲ್ಲಿ ಮಾಲೀಕರು ತಾವೇ ಒಂದು ಪತ್ರ ಬರೆದು ಶಾಖೆಗೆ ಕೊಟ್ಟಿದ್ದರು. ಅದರಲ್ಲಿ ಇದ್ದದ್ದು ಇಷ್ಟು: "ವ್ಯಾಪಾರದಲ್ಲಿ ತೊಂದರೆ ಆಗಿದೆ. ಕೆಲಸಗಾರರ ಕುಟುಂಬಗಳು ನಮ್ಮನ್ನೇ ನಂಬಿವೆ. ದಯವಿಟ್ಟು ಆರು ತಿಂಗಳು ಕಂತು ನಿಲ್ಲಿಸಿ, ಬಡ್ಡಿ ಮನ್ನಾ ಮಾಡಿ, ಸಿಸಿ ಲಿಮಿಟ್ 30 ಲಕ್ಷಕ್ಕೆ ಏರಿಸಿ ಸಹಕರಿಸಬೇಕು." ಮ್ಯಾನೇಜರ್ ಒಳ್ಳೆಯ ಮನುಷ್ಯರೇ. ಪತ್ರ ಓದಿ ಮೇಜಿನ ಮೇಲಿಟ್ಟು, "ಅಣ್ಣಾರ, ನೀವು ಖರೇನ ಬರದೀರಿ. ಆದ್ರ ಇದನ್ನ ನಾ ಮ್ಯಾಲೆ ಕಳಸಾಕ ಬರೂದಿಲ್ರಿ. ಅಲ್ಲಿ ಕುಂತವ್ರು ನಿಮ್ಮ ಶಾಪ್ ನೋಡಿಲ್ಲ" ಎಂದರಂತೆ.

ಆ ಮಾತಿನಲ್ಲೇ ವಿಷಯ ಇದೆ. ಈ ಗಾತ್ರದ ಸಾಲದ ಕಂತು ಬದಲಾಯಿಸುವ ಅಧಿಕಾರ ಸಾಮಾನ್ಯವಾಗಿ ಶಾಖೆಯಲ್ಲಿ ಇರುವುದಿಲ್ಲ. ಮ್ಯಾನೇಜರ್ ಒಂದು ಟಿಪ್ಪಣಿ ಬರೆದು ಪ್ರಾದೇಶಿಕ ಕಚೇರಿಗೆ ಕಳಿಸಬೇಕು. ಆ ಟಿಪ್ಪಣಿಗೆ ಬೇಕಾದ ಸರಕು ನಮ್ಮ ಪತ್ರದಲ್ಲೇ ಇರಬೇಕು. ಮೊದಲ ಪತ್ರದಲ್ಲಿ ತೊಂದರೆಯ ಕಾರಣ ಇರಲಿಲ್ಲ, ಎಷ್ಟು ಹಣ ಎಂದಿರಲಿಲ್ಲ, ಅದು ಯಾವಾಗ ಬರುತ್ತದೆ ಎಂದೂ ಇರಲಿಲ್ಲ. ಇನ್ನೊಂದು ಕಡೆ, ಕಂತು ನಿಲ್ಲಿಸಿ, ಬಡ್ಡಿ ಬಿಡಿ, ಲಿಮಿಟ್ ಏರಿಸಿ ಎಂಬ ಮೂರು ಬೇಡಿಕೆ ಒಟ್ಟಿಗೆ ಬಂದರೆ ಓದುವವರಿಗೆ ಒಂದೇ ಅರ್ಥ: ಇವರಿಗೇ ತಮಗೇನು ಬೇಕು ಎಂದು ಗೊತ್ತಿಲ್ಲ.

ಪತ್ರ ಮತ್ತೆ ಬರೆಯುವ ಮುಂಚೆ ಕ್ಯಾಲೆಂಡರ್ ತೆಗೆದು ಕೂತೆವು. ಕಂತು ಬಾಕಿ ಬಿದ್ದ ದಿನದಿಂದ ಬ್ಯಾಂಕು ಎಣಿಸುತ್ತದೆ. ತೊಂದರೆಯತ್ತ ಹೊರಟ ಖಾತೆಗೆ ಎಸ್‌ಎಂಎ ಎಂಬ ಎಚ್ಚರಿಕೆಯ ದರ್ಜೆ ಹಾಕುತ್ತದೆ: 30 ದಿನದವರೆಗೆ ಎಸ್‌ಎಂಎ-0, ಅಲ್ಲಿಂದ 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. 90 ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ. ಅಕ್ಟೋಬರ್ 5ರ ಕಂತಿನ ಲೆಕ್ಕದಲ್ಲಿ ಡಿಸೆಂಬರ್ 4ಕ್ಕೆ ಎಸ್‌ಎಂಎ-2, ಜನವರಿ 3ಕ್ಕೆ ಎನ್‌ಪಿಎ. ಸಿಸಿಯದು ಬೇರೆ ಎಣಿಕೆ. ಡಿಪಿಗಿಂತ ಮೀರಿ 90 ದಿನ ಸತತವಾಗಿ ನಿಂತರೆ ಅದೂ ಎನ್‌ಪಿಎ. ಅಕ್ಟೋಬರ್‌ನ ಸ್ಟಾಕ್ ಸ್ಟೇಟ್‌ಮೆಂಟ್ ನವೆಂಬರ್ 10ಕ್ಕೆ ಕೊಟ್ಟಾಗ ಡಿಪಿ ಮೊದಲ ಸಲ ಕೆಳಗಿಳಿದಿತ್ತು. ಹಾಗಾಗಿ ಆ ಗಡುವು ಫೆಬ್ರವರಿ 8. ಒಂದು ಸಾಲ ಎನ್‌ಪಿಎ ಆದರೆ ಅದೇ ಬ್ಯಾಂಕಿನಲ್ಲಿರುವ ಅದೇ ಸಾಲಗಾರನ ಎಲ್ಲ ಸಾಲವೂ ಎನ್‌ಪಿಎ. ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಎನ್‌ಪಿಎ ಆಗುವ ಮೊದಲು ಒಂದು ಕಂತು ಕಟ್ಟಿದರೂ ಅದು ಅತಿ ಹಳೆಯ ಬಾಕಿಗೆ ಜಮಾ ಆಗಿ ಎಣಿಕೆ ಒಂದು ತಿಂಗಳು ಹಿಂದೆ ಸರಿಯುತ್ತದೆ. ಎನ್‌ಪಿಎ ಆದ ಮೇಲೆ ಒಂದು ಕಂತಿನಿಂದ ಏನೂ ಆಗದು. ಅಸಲು, ಬಡ್ಡಿ ಸೇರಿ ಅಷ್ಟೂ ಬಾಕಿ ತೀರಿಸಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ಅದಕ್ಕೇ ಪತ್ರ ಕೊಡುವ ದಿನವೇ ಒಂದು ಕಂತು ಕಟ್ಟಿಬಿಡಿ ಎಂದೆ. ಉಕ್ಕು ತರಲು ಇಟ್ಟಿದ್ದ ಹಣದಲ್ಲಿ ಕಟ್ಟಿದರು. ಹಳೆಯ ಬಾಕಿ ಈಗ ನವೆಂಬರ್ 5ರದ್ದು. ಗಡುವು ಜನವರಿ 3ರಿಂದ ಫೆಬ್ರವರಿ 3ಕ್ಕೆ ಹೋಯಿತು. ಪ್ರಾದೇಶಿಕ ಕಚೇರಿ ಯೋಚಿಸಲು ಅಷ್ಟು ಸಮಯ ಬೇಕೇ ಬೇಕು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕಿತ್ತು. ರೀಸ್ಟ್ರಕ್ಚರ್, ಅಂದರೆ ಹೀಗೆ ಕಂತು ಮರುಹೊಂದಿಸುವುದು, ಬ್ಯಾಂಕು ಕೊಡುವ ಬರೀ ರಿಯಾಯಿತಿ ಅಲ್ಲ. ಹಣದ ತೊಂದರೆಯಿಂದ ಸಾಲದ ಷರತ್ತು ಸಡಿಲಿಸಿದರೆ, ಆ ತನಕ ಸರಿಯಾಗಿದ್ದ ಖಾತೆಯನ್ನೂ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕೆಳದರ್ಜೆಗೆ ಇಳಿಸಬೇಕು. ಕೋವಿಡ್ ಸಮಯದಲ್ಲಿ ಸಣ್ಣ ಉದ್ಯಮಗಳಿಗೆ ದರ್ಜೆ ಇಳಿಸದೆ ಮಾಡಿಕೊಡುವ ವಿಶೇಷ ಅವಕಾಶ ಇತ್ತು. ಆ ಬಾಗಿಲು 2021ಕ್ಕೇ ಮುಚ್ಚಿದೆ. ಕ್ರೆಡಿಟ್ ರಿಪೋರ್ಟ್‌ನಲ್ಲೂ ಇದು ಬರುತ್ತದೆ. ಹೊಸ ಕಂತು ಶುರುವಾಗಿ ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಮತ್ತೆ ಮೇಲಕ್ಕೆ ಬರುತ್ತದೆ.

"ಹಂಗಾದ್ರ ಹೆಸರ ಕೆಡ್ತದಲ್ರಿ?" ಎಂದು ಅವರು ಕೇಳಿದರು. ಕೆಡುತ್ತದೆ. ಬರೀ ಎರಡು ಕಂತು ತಪ್ಪಿದ್ದರೆ ಈ ದಾರಿಗೆ ಹೋಗಲು ನಾನು ಬಿಡುತ್ತಿರಲಿಲ್ಲ. ಹೇಗಾದರೂ ಕಂತು ಕಟ್ಟಿ, "ಇಷ್ಟು ದಿನದಲ್ಲಿ ಸರಿಮಾಡುತ್ತೇವೆ" ಎಂಬ ಲಿಖಿತ ಭರವಸೆ ಮಾತ್ರ ಕೊಡುತ್ತಿದ್ದೆವು. ಷರತ್ತು ಬದಲಾಯಿಸದೆ ಖಾತೆ ಸರಿಪಡಿಸುವ ಈ ಕ್ರಮಕ್ಕೂ ನಿಯಮದಲ್ಲಿ ಜಾಗ ಇದೆ, ಅದರಿಂದ ದರ್ಜೆ ಇಳಿಯುವುದಿಲ್ಲ. ಆದರೆ ಸಿಸಿಯಲ್ಲಿ ಮೀರಿದ 8 ಲಕ್ಷ ಎರಡು ತಿಂಗಳಲ್ಲಿ ತುಂಬುವ ಹಾಗಿರಲಿಲ್ಲ. ತುಂಬಬೇಕೆಂದರೆ ಕೈಗಡ ತರಬೇಕು. ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ 8 ಲಕ್ಷಕ್ಕೆ ತಿಂಗಳಿಗೆ 24 ಸಾವಿರ ಬರೀ ಬಡ್ಡಿ. ಕೊನೆಗೆ ಎರಡೂ ಕಡೆ ಸಾಲಗಾರ. ಸುಮ್ಮನಿದ್ದರೆ ಫೆಬ್ರವರಿಗೆ ಹೇಗೂ ಎನ್‌ಪಿಎ, ಆಮೇಲೆ ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ ನೋಟಿಸ್. 60 ದಿನದಲ್ಲಿ ಪೂರ್ತಿ ಸಾಲ ಕಟ್ಟಿ ಎನ್ನುವ ನೋಟಿಸ್ ಅದು. ಅಡ ಇಟ್ಟದ್ದು ಇರುವ ಮನೆ. ಹೀಗೆ ತೂಗಿ ನೋಡಿದ ಮೇಲೆ ಅವರು ಒಪ್ಪಿದರು.

ಹಕ್ಕಿನ ಮಾತೂ ಇದೆ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ 2015ರಲ್ಲಿ ಕೇಂದ್ರ ಸರ್ಕಾರ ಒಂದು ಚೌಕಟ್ಟು ಹೊರಡಿಸಿತು. 2016ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಅದನ್ನು ಬ್ಯಾಂಕುಗಳಿಗೆ ಅನ್ವಯಿಸಿತು. 25 ಕೋಟಿವರೆಗಿನ ಸಾಲಕ್ಕೆ ಇದು ಅನ್ವಯ. 10 ಲಕ್ಷದೊಳಗಿನದ್ದನ್ನು ಶಾಖೆಯೇ ನೋಡಬಹುದು, ಮೇಲಿನದ್ದು ಒಂದು ಸಮಿತಿಯ ಮುಂದೆ ಹೋಗಬೇಕು. ಸಮಿತಿಯಲ್ಲಿ ಬ್ಯಾಂಕಿನವರ ಜೊತೆ ಹೊರಗಿನ ಒಬ್ಬ ತಜ್ಞರೂ ಇರುತ್ತಾರೆ. 2024ರ ಆಗಸ್ಟ್‌ನಲ್ಲಿ ಪ್ರೋ ನಿಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಚೌಕಟ್ಟನ್ನು ಬ್ಯಾಂಕುಗಳು ಪಾಲಿಸಲೇಬೇಕು ಎಂದಿತು. ಆದರೆ ಅದೇ ತೀರ್ಪು ಉದ್ಯಮಿಯೂ ಖಾತೆ ಎನ್‌ಪಿಎ ಆಗುವ ಮೊದಲೇ ಕಾಗದಪತ್ರ ಸಮೇತ ಮುಂದೆ ಬರಬೇಕು ಎಂದೂ ಹೇಳಿತು. ನಮಗೆ ಈ ಎರಡನೆಯ ಮಾತೇ ಮುಖ್ಯ. ಪತ್ರದಲ್ಲಿ ತೀರ್ಪಿನ ಹೆಸರು ಹಾಕಲಿಲ್ಲ. ಕೇಳಿಕೊಳ್ಳುವ ಪತ್ರದಲ್ಲಿ ಕೋರ್ಟಿನ ಮಾತು ಬಂದರೆ ಓದುವವರು ಮೊದಲು ತಮ್ಮ ಕಾನೂನು ವಿಭಾಗಕ್ಕೆ ಕಳಿಸುತ್ತಾರೆ. ಚೌಕಟ್ಟಿನ ಹೆಸರು ಹೇಳಿದರೆ ಸಾಕು.

ಪತ್ರಕ್ಕೆ ಮುಂಚೆ ಇನ್ನೂ ಒಂದು ಕಾಗದ ಬೇಕಿತ್ತು: 26 ಲಕ್ಷ ಕೊಡಬೇಕಾದ ಕಂಪನಿಯ ಒಪ್ಪಿಗೆ. "ಕೊಡ್ತಾರ್ರಿ, ಫೋನ್ ಮ್ಯಾಲೆ ಹೇಳ್ಯಾರ" ಎಂಬ ಮಾತಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ. ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ನಯವಾಗಿ ಒಂದು ಮೇಲ್ ಬರೆಸಿದೆವು. ಸಣ್ಣ ಉದ್ಯಮ ಎಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ ಹಾಕಿ, ಸಣ್ಣ ಉದ್ಯಮದ ಬಿಲ್ 45 ದಿನದೊಳಗೆ ಪಾವತಿ ಆಗಬೇಕೆಂಬ 2006ರ ಕಾಯ್ದೆ ನೆನಪಿಸಿ, ತಡವಾದರೆ ಆ ಖರ್ಚು ಹಣ ಕೊಟ್ಟ ವರ್ಷವೇ ಅವರ ಆದಾಯ ತೆರಿಗೆಯಲ್ಲಿ ಕಳೆಯಲು ಸಿಗುವುದು ಎಂದೂ ಬರೆದೆವು. ಹಣ ತಡ ಮಾಡುವವರ ಮೇಲೆ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿಯೂ ಇತ್ತು. ಆರ್ಡರ್ ಕೈಬಿಟ್ಟು ಹೋಗುತ್ತದೆಂದು ಮಾಲೀಕರು ಬೇಡ ಎಂದರು. ಮೇಲ್‌ಗೇ ಉತ್ತರ ಬಂತು. 26 ಲಕ್ಷ ಬಾಕಿ ಇರುವುದು ನಿಜ, ಜನವರಿಯಿಂದ ತಿಂಗಳಿಗೆ 2.6 ಲಕ್ಷದಂತೆ ಹತ್ತು ಕಂತಿನಲ್ಲಿ ಕೊಡುತ್ತೇವೆ, ಏಪ್ರಿಲ್‌ನಿಂದ ತಿಂಗಳಿಗೆ 3 ಲಕ್ಷದ ಹೊಸ ಆರ್ಡರ್, ಅದಕ್ಕೆ 30 ದಿನದಲ್ಲಿ ಪಾವತಿ. ಇಡೀ ಅರ್ಜಿ ನಿಂತದ್ದು ಆ ಒಂದು ಪುಟದ ಮೇಲೆ.

ಡಿಸೆಂಬರ್ 2ರಂದು ಕೊಟ್ಟ ಪತ್ರ ಹೀಗಿತ್ತು. ಖಾತೆ ಸಂಖ್ಯೆ, ವಿಳಾಸ ತೆಗೆದಿದ್ದೇನೆ.

ಗೆ,
ಶಾಖಾ ವ್ಯವಸ್ಥಾಪಕರು, ಬೆಳಗಾವಿ

ವಿಷಯ: ನಮ್ಮ ಟರ್ಮ್ ಲೋನ್ ಮತ್ತು ಸಿಸಿ ಖಾತೆಯ ಮರುಪಾವತಿ ಮರುಹೊಂದಿಸಲು ಕೋರಿಕೆ, ಸಣ್ಣ ಉದ್ಯಮಗಳ ಪುನಶ್ಚೇತನ ಚೌಕಟ್ಟಿನಡಿ ಸಮಿತಿಯ ಮುಂದಿಡುವ ಬಗ್ಗೆ

ಮಾನ್ಯರೇ,

ನಾವು ನಿಮ್ಮ ಶಾಖೆಯಲ್ಲಿ 30 ಲಕ್ಷದ ಟರ್ಮ್ ಲೋನ್ ಮತ್ತು 20 ಲಕ್ಷದ ಸಿಸಿ ಹೊಂದಿದ್ದೇವೆ. 2024ರ ಸೆಪ್ಟೆಂಬರ್‌ವರೆಗೆ 24 ಕಂತುಗಳನ್ನು ಸಮಯಕ್ಕೆ ಕಟ್ಟಿದ್ದೇವೆ. ಅಕ್ಟೋಬರ್ ಮತ್ತು ನವೆಂಬರ್ ಕಂತು ತಪ್ಪಿದ್ದು, ಅಕ್ಟೋಬರ್ ಕಂತನ್ನು ಇಂದು ಕಟ್ಟಿದ್ದೇವೆ.

ಕಾರಣ: ನಮ್ಮ ಮಾರಾಟದ ಸುಮಾರು 60 ಶೇಕಡಾ ಕೊಳ್ಳುವ ಕಂಪನಿಯಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಬಿಲ್‌ಗಳ 26 ಲಕ್ಷ ರೂಪಾಯಿ ಬಂದಿಲ್ಲ. ಇದರಲ್ಲಿ 19.5 ಲಕ್ಷ 90 ದಿನ ದಾಟಿದ್ದರಿಂದ ಡಿಪಿ 11.6 ಲಕ್ಷಕ್ಕೆ ಇಳಿದು, ಸಿಸಿ ಖಾತೆ ಸುಮಾರು 8 ಲಕ್ಷ ಮೀರಿದೆ. ಉಳಿದ ಗಿರಾಕಿಗಳ ಪಾವತಿ ಎಂದಿನಂತೆ ಬರುತ್ತಿದೆ. ಸದರಿ ಕಂಪನಿ ಬಾಕಿಯನ್ನು ಒಪ್ಪಿ, ಜನವರಿಯಿಂದ ಹತ್ತು ಕಂತಿನಲ್ಲಿ ಕೊಡುವುದಾಗಿ ಬರೆದ ಮೇಲ್ ಲಗತ್ತಿಸಿದೆ.

ನಮ್ಮ ಕೋರಿಕೆ:

ಒಂದು, ಟರ್ಮ್ ಲೋನ್‌ನಲ್ಲಿ ಈಗ ಉಳಿದ ಅಸಲು 19.37 ಲಕ್ಷ. ನವೆಂಬರ್ 2024ರಿಂದ ಏಪ್ರಿಲ್ 2025ರವರೆಗೆ ಆರು ತಿಂಗಳು ಬಡ್ಡಿ ಮಾತ್ರ, ತಿಂಗಳಿಗೆ ಸುಮಾರು 17,000 ಕಟ್ಟಲು ಅವಕಾಶ ಕೊಡಿ. ಮೇ 2025ರಿಂದ 41 ಕಂತು, ತಿಂಗಳಿಗೆ ಸುಮಾರು 56,400. ಸಾಲದ ಅವಧಿ 12 ತಿಂಗಳು ಹೆಚ್ಚಾಗುತ್ತದೆ. ಇದರಿಂದ ನಾವು ಸುಮಾರು 1.6 ಲಕ್ಷ ಬಡ್ಡಿ ಹೆಚ್ಚು ಕಟ್ಟಬೇಕಾಗುವುದು ನಮಗೆ ತಿಳಿದಿದೆ.

ಎರಡು, ಸಿಸಿಯಲ್ಲಿ ಮೀರಿದ 8 ಲಕ್ಷವನ್ನು ಬೇರೆ ಮಾಡಿ ದುಡಿಯುವ ಬಂಡವಾಳದ ಟರ್ಮ್ ಲೋನ್ ಮಾಡಿ, ಸಿಸಿ ಲಿಮಿಟ್ 12 ಲಕ್ಷಕ್ಕೆ ಇಳಿಸಿ. ಆ 8 ಲಕ್ಷವನ್ನು ಜನವರಿಯಿಂದ ತಿಂಗಳಿಗೆ 80,000ದಂತೆ ಹತ್ತು ಕಂತಿನಲ್ಲಿ ಕಟ್ಟುತ್ತೇವೆ. ಕಂಪನಿಯ ಬಾಕಿ ಬರುವ ತಿಂಗಳುಗಳೇ ಈ ತಿಂಗಳುಗಳು.

ಮೂರು, ಕಂತು ತಪ್ಪಿದ್ದಕ್ಕೆ ಹಾಕಿದ ದಂಡ ಶುಲ್ಕವನ್ನು ಬಿಟ್ಟುಕೊಡುವ ಬಗ್ಗೆ ಪರಿಶೀಲಿಸಿ.

ನಾಲ್ಕು, ಬಳಕೆಯಲ್ಲಿಲ್ಲದ ಒಂದು ಹಳೆಯ ಲೇತ್ ಮಾರಲು ಅನುಮತಿ ಕೊಡಿ. 1.9 ಲಕ್ಷಕ್ಕೆ ಕೊಳ್ಳುವವರ ಲಿಖಿತ ದರ ಲಗತ್ತಿಸಿದೆ. ಈ ಹಣವನ್ನು ನಮ್ಮ ಪಾಲಿನ ಬಂಡವಾಳವಾಗಿ ತರುತ್ತೇವೆ.

ನಮ್ಮ ಕಡೆಯಿಂದ: ಎಲ್ಲ ಗಿರಾಕಿಗಳ ಹಣ ಈ ಸಿಸಿ ಖಾತೆಗೇ ಬರುತ್ತದೆ. ಅಕ್ಟೋಬರ್‌ನಲ್ಲಿ ಒಬ್ಬ ಗಿರಾಕಿಯ 1.2 ಲಕ್ಷ ರೂಪಾಯಿ ಮಾಲೀಕರ ಉಳಿತಾಯ ಖಾತೆಗೆ ಬಂದಿದ್ದು, ಅದನ್ನು ಕೆಲಸಗಾರರ ಸಂಬಳಕ್ಕೆ ಬಳಸಲಾಗಿದೆ. ಸಂಬಳದ ಪಟ್ಟಿ ಮತ್ತು ಖಾತೆಯ ವಿವರ ಲಗತ್ತಿಸಿದೆ. ಇನ್ನು ಮುಂದೆ ಹಾಗೆ ಆಗುವುದಿಲ್ಲ.

ಲಗತ್ತು: ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ನೆಟ್‌ವರ್ತ್ ವಿವರ, ನವೆಂಬರ್‌ವರೆಗಿನ ಲಾಭ ನಷ್ಟ, ನವೆಂಬರ್ ಸ್ಟಾಕ್ ಸ್ಟೇಟ್‌ಮೆಂಟ್, ದಿನವಾರು ಬಾಕಿ ಪಟ್ಟಿ, ಜಿಎಸ್‌ಟಿ ರಿಟರ್ನ್‌ಗಳು, ಸರ್ಕಾರಕ್ಕೂ ಇತರರಿಗೂ ಕೊಡಬೇಕಾದ ಎಲ್ಲ ಬಾಕಿಯ ವಿವರ, 12 ತಿಂಗಳ ಹಣದ ಹರಿವಿನ ಅಂದಾಜು, ಉದ್ಯಮ್ ಪ್ರಮಾಣಪತ್ರ.

ತಮ್ಮ ವಿಶ್ವಾಸಿ,
(ಸಹಿ, ಸೀಲ್)

ಪತ್ರದ ಒಂದೆರಡು ಜಾಗದಲ್ಲಿ ಸ್ವಲ್ಪ ನಿಲ್ಲಬೇಕು.

ಲೇತ್ ಮಾರಲು ಅನುಮತಿ ಏಕೆ ಕೇಳಬೇಕು, ಅದು ನನ್ನ ಸ್ವಂತ ದುಡ್ಡಿನ ಲೇತ್ ಎಂದು ಮಾಲೀಕರು ವಾದ ಮಾಡಿದರು. ನಿಜ, ಹದಿನೈದು ವರ್ಷದ ಹಿಂದೆ ಸಾಲವಿಲ್ಲದೆ ಕೊಂಡದ್ದು. ಆದರೆ ಸಿಸಿ ತೆಗೆಯುವಾಗ ಸಹಿ ಹಾಕಿದ ಹೈಪೊಥಿಕೇಶನ್ ಕಾಗದದಲ್ಲಿ "ಈಗ ಇರುವ ಮತ್ತು ಮುಂದೆ ಬರುವ ಎಲ್ಲ ಯಂತ್ರ" ಎಂದು ಇತ್ತು. ಕೇಳದೆ ಮಾರಿದ್ದರೆ ಅಡವಿಟ್ಟ ಆಸ್ತಿ ಸಾಗಿಸಿದ ಹಾಗೆ. ಕಷ್ಟದಲ್ಲಿರುವವರು ಮೊದಲು ಮಾರುವುದು ಇಂಥ ಹಳೆಯ ಯಂತ್ರವನ್ನೇ. ಕಾಗದ ಓದದೆ ಮಾರಿ, ಆಮೇಲೆ ಬ್ಯಾಂಕಿನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

1.2 ಲಕ್ಷದ ವಿಷಯ ಬರೆಯುವುದು ಬೇಡ, ಗೊತ್ತಾಗಲಿಕ್ಕಿಲ್ಲ ಎಂದು ಅವರ ಮನಸ್ಸಿನಲ್ಲಿತ್ತು. ಗೊತ್ತಾಗುತ್ತದೆ. ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಿದ ಮಾರಾಟ ಒಂದು ಕಡೆ, ಸಿಸಿ ಖಾತೆಗೆ ಬಂದ ಜಮಾ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹತ್ತು ನಿಮಿಷದ ಕೆಲಸ. ಹಣ ಬೇರೆ ಕಡೆ ತಿರುಗಿಸಿದವರಿಗೆ ರೀಸ್ಟ್ರಕ್ಚರ್ ಇಲ್ಲ ಎಂಬುದು ನಿಯಮ. ನಾವೇ ಹೇಳಿ ಸಂಬಳದ ಪಟ್ಟಿ ಕೊಟ್ಟರೆ ಅದು ಒಂದು ವಿವರಣೆ. ಅವರು ಹುಡುಕಿ ತೆಗೆದರೆ ಅದು ತಿರುಗಿಸಿದ್ದು. ಕೆಲಸಗಾರರ ಹೊಟ್ಟೆಗೆ ಹೋದ ಹಣ ಅದು. ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಆರು ತಿಂಗಳು ಬಡ್ಡಿ ಮಾತ್ರ ಎಂದದ್ದು ಬಾಯಿಗೆ ಬಂದ ಅಂಕಿ ಅಲ್ಲ. ಜನವರಿಯಿಂದ ಉಳಿದ ಗಿರಾಕಿಗಳಿಂದ 5.2 ಲಕ್ಷ, ಕಂಪನಿಯ ಬಾಕಿ 2.6 ಲಕ್ಷ, ಒಟ್ಟು 7.8 ಲಕ್ಷ ಒಳಗೆ. ಉಕ್ಕು, ಸಂಬಳ, ಕರೆಂಟು, ಟೂಲ್, ಬಾಡಿಗೆ, ತೆರಿಗೆ ಸೇರಿ 5.4 ಲಕ್ಷ ಹೊರಗೆ. ಉಕ್ಕಿನ ಅಂಗಡಿಯ ಹಳೆಯ ಬಾಕಿ 4.4 ಲಕ್ಷ ನಾಲ್ಕು ತಿಂಗಳಲ್ಲಿ ತೀರಿಸಬೇಕು, ತಿಂಗಳಿಗೆ 1.1 ಲಕ್ಷ. ಅದನ್ನು ನಿಲ್ಲಿಸಿದರೆ ಅವರು ಉಕ್ಕು ಕೊಡುವುದಿಲ್ಲ, ಶಾಪ್ ನಿಲ್ಲುತ್ತದೆ. ಬ್ಯಾಂಕಿಗೆ ಉಳಿಯುವುದು 1.3 ಲಕ್ಷ. ಹಳೆಯ ಕಂತು ಹಾಗೇ ಇದ್ದರೆ, ಸಿಸಿ ಬಡ್ಡಿ, ಆ 8 ಲಕ್ಷದ ಕಂತು ಮತ್ತು ಬಡ್ಡಿ ಸೇರಿ 1.62 ಲಕ್ಷ ಬೇಕು. ಆಗುವುದಿಲ್ಲ. ಟರ್ಮ್ ಲೋನ್‌ಗೆ ಬಡ್ಡಿ ಮಾತ್ರ ಆದರೆ 1.15 ಲಕ್ಷ. ಆಗುತ್ತದೆ. ಏಪ್ರಿಲ್‌ಗೆ ಉಕ್ಕಿನ ಬಾಕಿ ಮುಗಿಯುತ್ತದೆ, ಮೇಯಿಂದ 2.4 ಲಕ್ಷ ಉಳಿಯುತ್ತದೆ, ಹೊಸ ಕಂತು ಸೇರಿ ಬೇಕಾಗುವುದು ಒಂದೂವರೆ ಲಕ್ಷ. ಅದಕ್ಕೇ ಏಪ್ರಿಲ್‌ವರೆಗೆ ಎಂದು ಕೇಳಿದ್ದು. ಒಂದು ವರ್ಷ ಕೇಳಿದ್ದರೆ, ಏಕೆ ಎಂದಾಗ ಉತ್ತರ ಇರುತ್ತಿರಲಿಲ್ಲ.

ಬಡ್ಡಿ ಮನ್ನಾ ಕೇಳಲಿಲ್ಲ. ಲಿಮಿಟ್ ಏರಿಸಿ ಎನ್ನುವ ಬದಲು ಇಳಿಸಿ ಎಂದೆವು. 12 ಲಕ್ಷವೇ ಸಾಕೇ ಎಂದು ಮಾಲೀಕರಿಗೆ ಅಳುಕಿತ್ತು. ಆದರೆ ಡಿಪಿ ಇರುವುದೇ 11.6 ಲಕ್ಷ. 20 ಲಕ್ಷ ಎಂಬುದು ಕಾಗದದ ಮೇಲಿನ ಸಂಖ್ಯೆ ಮಾತ್ರ ಆಗಿತ್ತು.

ಪತ್ರ ಮೇಲೆ ಹೋಯಿತು. ಡಿಸೆಂಬರ್ ಮೂರನೇ ವಾರ ಪ್ರಾದೇಶಿಕ ಕಚೇರಿಯಿಂದ ಒಬ್ಬ ಅಧಿಕಾರಿ ಶಾಪ್‌ಗೆ ಬಂದರು. ಯಂತ್ರಗಳ ನಂಬರ್ ಪ್ಲೇಟ್ ನೋಡಿದರು, ರ‍್ಯಾಕ್‌ನಲ್ಲಿದ್ದ ಮಾಲನ್ನು ಸ್ಟಾಕ್ ಪಟ್ಟಿಯ ಜೊತೆ ಹೋಲಿಸಿದರು, ಮೂರು ತಿಂಗಳ ಕರೆಂಟ್ ಬಿಲ್ ಕೇಳಿದರು. ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂಬುದು ಯೂನಿಟ್ ಲೆಕ್ಕದಲ್ಲಿ ಸಿಗುತ್ತದೆ, ಮಾತಿನಲ್ಲಿ ಅಲ್ಲ. ಆಮೇಲೆ ಎರಡು ಪ್ರಶ್ನೆ ಕೇಳಿದರು. ಈ ಇಡೀ ಪ್ರಕರಣದಲ್ಲಿ ಕಠಿಣವಾದವು ಅವೇ.

ಮೊದಲನೆಯದು: "ಆ ಕಂಪನಿಯವ್ರು ಮತ್ತ ತಪ್ಪಿಸಿದ್ರ?" ನಮ್ಮ ಉತ್ತರ ಲೇತ್ ಮಾರಿದರೆ ಬರುವ 1.9 ಲಕ್ಷದಲ್ಲಿತ್ತು. ಒಂದು ತಿಂಗಳು ಬಾಕಿ ಬರದಿದ್ದರೆ ಉಕ್ಕಿನ ಅಂಗಡಿಯ ಹಳೆಯ ಕಂತು ಮುಂದೂಡುತ್ತೇವೆ, ಅವರ ಜೊತೆ ಮಾತಾಗಿದೆ. ಆಗ ಖರ್ಚು ಮತ್ತು ಎಲ್ಲ ಬಡ್ಡಿ ಸೇರಿ ಕೊರತೆ 55 ಸಾವಿರದಷ್ಟು. ಆ ಹಣ ಮೂರು ತಿಂಗಳು ತಡೆಯುತ್ತದೆ. ಎಂಟು ಲಕ್ಷದ ಕಂತು ತಡವಾಗಬಹುದು, ಬಡ್ಡಿ ನಿಲ್ಲುವುದಿಲ್ಲ. ತಡವಾಗಬಹುದು ಎಂದು ನಾವೇ ಒಪ್ಪಿಕೊಂಡದ್ದು ಅವರಿಗೆ ಹಿಡಿಸಿತು ಅನಿಸುತ್ತದೆ. ಪುಸ್ತಕದಲ್ಲಿ ಬರೆದುಕೊಂಡರು.

ಎರಡನೆಯದು ಇನ್ನೂ ಚೂಪು: "ಅಕ್ಟೋಬರ್‌ಕ ಬಾಕಿ ಎಲ್ಲಾ ಬಂದು ಮುಗೀತದ. ಆಮ್ಯಾಲೆ ಕಂತು ಯಾತರಾಗ ಕಟ್ತೀರಿ?" ಹಳೆಯ ಬಾಕಿ ಬಂದು ಸಾಲ ತೀರಿಸುವುದು ದೊಡ್ಡ ವಿಷಯ ಅಲ್ಲ. ಅದು ಮುಗಿದ ಮೇಲೂ ಶಾಪ್ ತನ್ನ ದುಡಿಮೆಯಿಂದಲೇ ಕಂತು ಕಟ್ಟಬಲ್ಲದೇ ಎಂಬುದೇ ಬ್ಯಾಂಕಿನ ಪ್ರಶ್ನೆ. 5.2 ಲಕ್ಷ ಬಂದು 5.4 ಲಕ್ಷ ಹೋದರೆ ಆಗಲಾರದು. ಏಪ್ರಿಲ್‌ನಿಂದ ಬರುವ 3 ಲಕ್ಷದ ಹೊಸ ಆರ್ಡರ್‌ನಲ್ಲಿ ಮಾಲಿನ ಖರ್ಚು, ಟೂಲ್, ಕರೆಂಟು ಹೋಗಿ 1 ಲಕ್ಷ ಉಳಿಯುತ್ತದೆ, ಸಂಬಳ ಬಾಡಿಗೆ ಹೇಗೂ ಈಗಿನ ಖರ್ಚಿನಲ್ಲೇ ಸೇರಿದೆ ಎಂದು ಜಾಬ್‌ವಾರು ಲೆಕ್ಕ ತೋರಿಸಿದೆವು. ಆಗ ಬ್ಯಾಂಕಿಗೆ ಸಿಗುವುದು 80 ಸಾವಿರ. ಬೇಕಾಗುವುದು ಕಂತು, ಸಿಸಿ ಬಡ್ಡಿ ಸೇರಿ 67 ಸಾವಿರ. ಬೇಕಾದದ್ದರ ಒಂದೂಕಾಲು ಪಟ್ಟಿಗಿಂತ ಒಂದು ಕೂದಲು ಕಮ್ಮಿ. ತೆಳುವಾದ ಅಂತರವೇ. ಅವರು ತಲೆಯಾಡಿಸಿದರು, ಆದರೆ ಎರಡು ಹೊಸ ಗಿರಾಕಿಗಳ ವಿಚಾರಣೆ ಪತ್ರಗಳನ್ನೂ ಕೇಳಿ ತೆಗೆದುಕೊಂಡರು.

ಮಂಜೂರಾತಿ 2025ರ ಜನವರಿಯಲ್ಲಿ, ಗಡುವಿಗೆ ಮುಂಚೆ ಬಂತು. ಏಪ್ರಿಲ್‌ವರೆಗೆ ಬಡ್ಡಿ ಮಾತ್ರ ಎಂಬುದನ್ನು ಒಪ್ಪಿದರು. 8 ಲಕ್ಷ ಬೇರೆ ಸಾಲವಾಯಿತು, ಹತ್ತು ಕಂತು. ಲೇತ್ ಮಾರಲು ಅನುಮತಿ ಸಿಕ್ಕಿತು. ಆದರೆ ಬಂದ ಹಣದಲ್ಲಿ ಅರ್ಧ ಕೂಡಲೇ ಸಿಸಿಗೆ ತುಂಬಬೇಕು ಎಂದರು. ನಮ್ಮ ಮೂರು ತಿಂಗಳ ತಡೆ ಅಲ್ಲಿಗೆ ಒಂದೂವರೆ ತಿಂಗಳಿಗೆ ಇಳಿಯಿತು. ದಂಡ ಶುಲ್ಕ ಬಿಡಲಿಲ್ಲ. ಎಲ್ಲಕ್ಕಿಂತ ಮುಖ್ಯ ಷರತ್ತು ಇನ್ನೊಂದು: ಬಾಕಿಯ ಹಣವನ್ನು ಈ ಸಿಸಿ ಖಾತೆಗೆ ಬಿಟ್ಟು ಬೇರೆಲ್ಲೂ ಹಾಕುವುದಿಲ್ಲ ಎಂದು ಆ ಕಂಪನಿಯಿಂದಲೇ ಬರೆಸಿ ತರಬೇಕು. ಅದನ್ನು ತರಿಸಲು ಮಾಲೀಕರೇ ರೈಲು ಹತ್ತಿ ಹೋಗಬೇಕಾಯಿತು. ಗಿರಾಕಿಯ ಮುಂದೆ ತನ್ನ ಬ್ಯಾಂಕಿನ ಕಷ್ಟ ಹೇಳಿಕೊಳ್ಳುವುದು ಯಾವ ಉದ್ಯಮಿಗೂ ಸುಲಭ ಅಲ್ಲ.

ಬಾಕಿಯ ಕಂತಿನಲ್ಲಿ ಮಾರ್ಚ್‌ನದು ಹತ್ತೊಂಬತ್ತು ದಿನ ತಡವಾಯಿತು. ಲೇತ್‌ನ ಉಳಿದ ಹಣ ಆಗ ಕೈ ಹಿಡಿಯಿತು. ಮಿಕ್ಕವು ಹೆಚ್ಚುಕಮ್ಮಿ ಸಮಯಕ್ಕೆ ಬಂದವು. 8 ಲಕ್ಷದ ಸಾಲ ಅಕ್ಟೋಬರ್‌ಗೆ ಮುಗಿಯಿತು. ಟರ್ಮ್ ಲೋನ್‌ನ ಹೊಸ ಕಂತು ಮೇಯಿಂದ ತಪ್ಪಿಲ್ಲ. ಖಾತೆಯ ದರ್ಜೆ ಮಾತ್ರ ಇನ್ನೂ ಕೆಳಗೇ ಇದೆ. ಅಸಲಿನ ಮೊದಲ ಕಂತಿನಿಂದ ಒಂದು ವರ್ಷ ಎಣಿಸಿದರೆ 2026ರ ಮೇ ಆಗುತ್ತದೆ. ಅಲ್ಲಿಯವರೆಗೆ ಇನ್ನೊಂದು ವಿಎಂಸಿಗೆ ಸಾಲ ಕೇಳುವ ಹಾಗಿಲ್ಲ. ನಡುವೆ ಅವಕಾಶ ಬಂದಿತ್ತು, ಹೊಸ ಗಿರಾಕಿಯೊಬ್ಬರು ವಾಲ್ವ್ ಬಾಡಿಯ ದೊಡ್ಡ ಆರ್ಡರ್ ಕೊಡಲು ಸಿದ್ಧರಿದ್ದರು. ಇರುವ ಒಂದು ಯಂತ್ರದಲ್ಲಿ ರಾತ್ರಿ ಪಾಳಿ ಹಾಕಿ ಆಗುವಷ್ಟನ್ನು ಮಾತ್ರ ಒಪ್ಪಿಕೊಂಡಿದ್ದಾರೆ.